ಗುಂಡಿ ರೋಡಲ್ಲಿ ಏನೂ ಆಗಲ್ಲ, ನುಣ್ಣನೆ ತಿರುವಲ್ಲಿ ಹೊಟ್ಟೆ ತೊಳಸುತ್ತೆ, ಯಾಕೆ?

ಕೊನೆಸೀಟು

ಬಸ್ಸಲ್ಲಿ ಹೊಟ್ಟೆ ತೊಳಸೋದು ನಂಗೆ ಚಿಕ್ಕಂದಿನಿಂದ್ಲೂ ಇದೆ, ಅದೇನು ಹೊಸದಲ್ಲ. ಅರ್ಥ ಆಗದೇ ಇರೋದು ಬೇರೆ. ಗುಂಡಿ ಬಿದ್ದ ರೋಡಲ್ಲಿ ಹಳೇ ಬಸ್ಸು ಗಡಗಡ ಅಂತ ಮೈಯೆಲ್ಲ ಕುಲುಕಿಸ್ಕೊಂಡು ಹೋದ್ರೆ ಸೊಂಟ ಹಿಡ್ಕೊಳ್ಳುತ್ತೆ ಹೊರತು ವಾಕರಿಕೆ ಬರಲ್ಲ. ಅದೇ ಒಳ್ಳೇ ರೋಡು, ಮೆತ್ತನೆ ಸೀಟು, ಎಸಿ ಬಸ್ಸು, ಗುಡ್ಡದ ತಿರುವುಗಳು ಶುರುವಾದ್ವು ಅಂದ್ರೆ ಮೊದ್ಲು ಆಕಳಿಕೆ ಮೇಲೆ ಆಕಳಿಕೆ, ಆಮೇಲೆ ಬಾಯಲ್ಲಿ ನೀರು, ಆಮೇಲೆ ಹಣೆ ಮೇಲೆ ತಣ್ಣನೆ ಬೆವರು, ಎಸಿ ಒಳಗೆ ಕೂತು ಬೆವರು ನೋಡಿ! ವಾಂತಿ ಆಗ್ಲಿ ಬಿಡ್ಲಿ, ಇಳಿದ ಮೇಲೆ ತಲೆನೋವು ಸಂಜೆ ತನಕ ಬಿಡಲ್ಲ. ಹೊಟ್ಟೆ ಖಾಲಿ ಇದ್ರೂ ಅಷ್ಟೇ, ತುಂಬಿದ್ರೂ ಅಷ್ಟೇ. ಕುಲುಕಾಟ ಜಾಸ್ತಿ ಇರೋ ಕಡೆ ತಾನೆ ಜಾಸ್ತಿ ಆಗ್ಬೇಕು? ಉಲ್ಟಾ ಯಾಕೆ? ಸಾಮಾನ್ಯವಾಗಿ ಹಿಂದಿನ ಸೀಟಲ್ಲಿ ಫೋನ್ ನೋಡ್ತಾ ಕೂತಿರ್ತೀನಿ, ಅದನ್ನೂ ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಬೈಬೇಡಿ.

ಗಾಳಿಪಟ

ಉತ್ತರ ನಿಮ್ಮ ಕೊನೇ ಸಾಲಲ್ಲೇ ಇದ್ಯಲ್ಲ ಗುರು. ಫೋನ್ ನೋಡೋವಾಗ ಕಣ್ಣು ಹೇಳುತ್ತೆ ನಾನು ಅಲ್ಲಾಡ್ತಿಲ್ಲ ಅಂತ, ಒಳಕಿವಿ ಹೇಳುತ್ತೆ ಅಲ್ಲಾಡ್ತಿದೀನಿ ಅಂತ, ಇಬ್ಬರ ಜಗಳದಲ್ಲಿ ಮೆದುಳಿಗೆ ಕನ್ಫ್ಯೂಸ್ ಆಗಿ ವಾಂತಿ. ಇಷ್ಟೇ ವಿಷ್ಯ. ಕಣ್ಣು ಮುಚ್ಕೊಂಡು ಕೂತ್ಕೊಳಿ, ಜಗಳ ಆಡೋಕೆ ಇನ್ನೊಬ್ರೇ ಇಲ್ಲ ಅಂದ್ಮೇಲೆ ಪ್ರಾಬ್ಲಮ್ ಸಾಲ್ವ್.

ಕೊನೆಸೀಟು

ಕಣ್ಣು ಮುಚ್ಕೊಂಡ್ರೆ ಸ್ವಲ್ಪ ತಡವಾಗಿ ಶುರುವಾಗುತ್ತೆ ನಿಜ, ಆದ್ರೆ ಆಗೇ ಆಗುತ್ತೆ. ಮತ್ತೆ ಗುಂಡಿ ರೋಡಲ್ಲೂ ನಾನು ಫೋನ್ ನೋಡ್ತಾನೇ ಇರ್ತೀನಿ, ಅಲ್ಲಿ ಯಾಕೆ ಜಗಳ ಇಲ್ಲ?

ಎರಡು ಮಕ್ಕಳ ತಾಯಿ

ಡೀಸೆಲ್ ವಾಸನೆ ಕಾರಣ ಇರ್ಬಹುದಾ? ನನ್ ಮಗಂಗೆ ಬಸ್ ಹತ್ತಿ ಆ ವಾಸನೆ ಮೂಗಿಗೆ ಬಡಿದ್ರೆ ಸಾಕು, ಗಾಡಿ ಹೊರಡೋಕೆ ಮುಂಚೇನೇ ಮುಖ ಬಿಳಿಚಿಕೊಳ್ಳುತ್ತೆ. ಚಿಕ್ಕವಳಿಗೆ ಒಂದೂವರೆ ವರ್ಷ, ಅವಳಿಗೆ ಏನೂ ಇಲ್ಲ, ಆರಾಮಾಗಿ ನಿದ್ದೆ.

ಸಮತೋಲನ

ನಾನು ಆಡಿಯಾಲಜಿಸ್ಟ್, ತಲೆಸುತ್ತು ಬರೋವ್ರ ಒಳಕಿವಿ ಪರೀಕ್ಷೆ ಮಾಡೋದೇ ದಿನದ ಕೆಲಸ. ಗಾಳಿಪಟ ಅವ್ರು ಹೇಳಿದ್ದು ತಪ್ಪಲ್ಲ, ಆದ್ರೆ ಅರ್ಧ.

ಕಣ್ಣು ಕಿವಿ ಜಗಳ ಒಂದೇ ಕಾರಣ ಆಗಿದ್ರೆ ಹುಟ್ಟು ಕುರುಡರಿಗೆ ಈ ತೊಂದ್ರೆ ಬರಲೇಬಾರದಿತ್ತು. ಅವ್ರಿಗೂ ಬರುತ್ತೆ. ಯಾರಿಗೆ ಬರಲ್ಲ ಗೊತ್ತಾ, ಎರಡೂ ಕಡೆ ಒಳಕಿವಿಯ ಸಮತೋಲನದ ಭಾಗ ಪೂರ್ತಿ ಕೆಲಸ ನಿಲ್ಲಿಸಿರೋವ್ರಿಗೆ. ಅಂಥವ್ರನ್ನ 1960ರ ದಶಕದಲ್ಲಿ ಬಿರುಗಾಳಿ ಎದ್ದ ಸಮುದ್ರದಲ್ಲಿ ಹಡಗಲ್ಲೇ ಕೂರಿಸಿ ನೋಡಿದಾರೆ, ಜೊತೆಗಿದ್ದ ಆರೋಗ್ಯವಂತರು ವಾಂತಿ ಮಾಡ್ತಿದ್ರೆ ಇವ್ರು ಆರಾಮಾಗಿದ್ರು. ಅಂದ್ರೆ ಕಣ್ಣು ಇಲ್ಲದೇನೂ ಆಗುತ್ತೆ, ಒಳಕಿವಿ ಇಲ್ಲದೆ ಆಗಲ್ಲ.

ಹಾಗಾದ್ರೆ ಜಗಳ ಯಾರ ಯಾರ ನಡುವೆ? ಮೆದುಳು ಸುಮ್ನೆ ಕೂತು ಸಿಗ್ನಲ್ ಬರ್ಲಿ ಅಂತ ಕಾಯಲ್ಲ, ಮುಂದಿನ ಕ್ಷಣ ಏನು ಬರ್ಬೇಕು ಅಂತ ಮೊದ್ಲೇ ಅಂದಾಜು ಕಟ್ಕೊಂಡಿರುತ್ತೆ. ನೀವೇ ತಲೆ ತಿರುಗಿಸಿದ್ರೆ ತಿರುಗಿಸು ಅಂತ ಹೇಳಿದ್ದೇ ಅದು, ಹಾಗಾಗಿ ಕಿವಿಯಿಂದ ಎಷ್ಟು ಸಿಗ್ನಲ್ ಬರುತ್ತೆ ಅನ್ನೋದೂ ಅದಕ್ಕೆ ಗೊತ್ತಿರುತ್ತೆ, ಎರಡೂ ತಾಳೆ ಆಗುತ್ತೆ. ಬಸ್ಸಲ್ಲಿ ಸ್ಟೇರಿಂಗ್ ತಿರುಗಿಸಿದ್ದು ಬೇರೆಯವ್ರು. ಅಂದಾಜು ಒಂದು, ಬಂದಿದ್ದು ಇನ್ನೊಂದು. ಈ ವ್ಯತ್ಯಾಸ ಒಂದೆರಡು ಸಲ ಆದ್ರೆ ಪರವಾಗಿಲ್ಲ, ಬಿಡದೆ ಸೇರ್ತಾ ಹೋದ್ರೆ ವಾಕರಿಕೆ. ಜೇಮ್ಸ್ ರೀಸನ್ ಮತ್ತು ಬ್ರ್ಯಾಂಡ್ ಅನ್ನೋರು 1975ರಲ್ಲಿ ಹೆಚ್ಚು ಕಮ್ಮಿ ಹೀಗೇ ವಿವರಿಸಿದ್ರು, ಆಮೇಲೆ ಬಂದವ್ರು ಅದನ್ನ ತಿದ್ದಿದಾರೆ, ಪೂರ್ತಿ ಬಿಟ್ಟಿಲ್ಲ.

ತಾಯಿ ಅವ್ರೇ, ವಾಸನೆ ಉರಿಯೋದಕ್ಕೆ ತುಪ್ಪ ಸುರಿಯುತ್ತೆ, ಬೆಂಕಿ ಹಚ್ಚೋದು ಅದಲ್ಲ. ನಿಮ್ಮ ಮಗನ ವಿಷ್ಯದಲ್ಲಿ ಹಿಂದೆ ಆಗಿದ್ದು ಆ ವಾಸನೆ ಜೊತೆ ಅಂಟ್ಕೊಂಡಿದೆ, ಅದಕ್ಕೆ ನಿಂತ ಬಸ್ಸಲ್ಲೂ ಮುಖ ಬಿಳಿಚುತ್ತೆ. ಚಿಕ್ಕವಳ ವಿಷ್ಯ ಆಶ್ಚರ್ಯ ಇಲ್ಲ, ಎರಡು ವರ್ಷದ ಒಳಗೆ ಇದು ತೀರಾ ಅಪರೂಪ, ಶಾಲೆಗೆ ಹೋಗೋ ವಯಸ್ಸಲ್ಲಿ ಅತಿ ಹೆಚ್ಚು, ದೊಡ್ಡವ್ರಾದಂಗೆ ಬಹಳ ಜನಕ್ಕೆ ಕಮ್ಮಿ ಆಗುತ್ತೆ.

ಸ್ಟೇರಿಂಗ್ ಹಿಡಿದವ

ಬಸ್ ಡ್ರೈವರ್ ನಾನು. ಮೇಡಂ ಹೇಳಿದ್ದು ನಮ್ ವಿಷ್ಯದಲ್ಲಿ ನೂರಕ್ಕೆ ನೂರು. ನಾನು ಓಡ್ಸೋವಾಗ ಎಂಥಾ ತಿರುವಾದ್ರೂ ಏನೂ ಆಗಲ್ಲ, ರಜೆಲಿ ಬೇರೆಯವ್ರು ಓಡ್ಸೋ ಬಸ್ಸಲ್ಲಿ ಹಿಂದೆ ಕೂತ್ರೆ ಅದೇ ರೂಟಲ್ಲಿ ನಂಗೂ ತಲೆ ಭಾರ ಆಗುತ್ತೆ. ಗೆಳೆಯರು ನಗ್ತಾರೆ. ಇನ್ನೊಂದು ಗಮನಿಸಿದೀನಿ, ತಿರುವಲ್ಲಿ ನಮ್ ತಲೆ ತಾನಾಗೇ ತಿರುವಿನ ಒಳಗಡೆಗೆ ವಾಲುತ್ತೆ, ಕನ್ನಡಿಲಿ ನೋಡಿದ್ರೆ ಪ್ಯಾಸೆಂಜರ್ ತಲೆಗಳೆಲ್ಲ ಹೊರಗಡೆಗೆ ವಾಲಿರ್ತವೆ, ಎಲ್ಲಾ ಒಟ್ಟಿಗೆ.

ಸಮತೋಲನ

ಬಹಳ ಒಳ್ಳೇ ಗಮನ ಸರ್, ಇದನ್ನ ಸಂಶೋಧಕರೂ ಬರೆದಿದಾರೆ. ಒಳಗಡೆ ವಾಲೋದು ಅಂದ್ರೆ ಮೊದ್ಲೇ ಗೊತ್ತಿದ್ದು ಸಿದ್ಧ ಆಗೋದು. ಪ್ಯಾಸೆಂಜರ್ ತಲೆಗೆ ತಿರುವು ಬಂದಿದ್ದು ಗೊತ್ತಾಗೋದೇ ತಳ್ಳಿಸ್ಕೊಂಡ ಮೇಲೆ.

ಬಿಳಿಮೀಸೆ

ನನಗೂ ಇದೇ ಸಮಸ್ಯೆ. ವಯಸ್ಸು 63. ಬಸ್ಸೇ ಬೇಡ, ಬೆಳಿಗ್ಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಸಾಕು, ಇಡೀ ಕೋಣೆ ಗಿರ್ರನೆ ಸುತ್ತುತ್ತೆ, ಸ್ವಲ್ಪ ಹೊತ್ತು ಅಲ್ಲಾಡದೆ ಇದ್ದರೆ ನಿಲ್ಲುತ್ತೆ, ವಾಕರಿಕೆಯೂ ಬರುತ್ತೆ. ಕಿಟಕಿ ಸೀಟಿನಲ್ಲಿ ಕೂತರೆ ಇದು ಸರಿ ಹೋಗುತ್ತದೆಯೇ?

ಸಮತೋಲನ

ಸರ್, ಇದು ಬಸ್ಸಿನ ತೊಂದ್ರೆ ಅಲ್ಲ, ಸೀಟು ಬದಲಾಯಿಸಿದ್ರೆ ಹೋಗಲ್ಲ. ಒಳಕಿವಿಲಿ ತಲೆ ವಾಲಿದ್ದನ್ನ ತಿಳಿಸೋ ಸಣ್ಣ ಸುಣ್ಣದ ಹರಳುಗಳಿರ್ತವೆ, ವಯಸ್ಸಾದಂಗೆ ಕೆಲವು ಜಾಗ ಬಿಟ್ಟು ಪಕ್ಕದ ಕೊಳವೆಗೆ ಜಾರೋದುಂಟು. ಆಗ ಒಂದೇ ಬದಿಗೆ ಹೊರಳಿದಾಗ ಹೀಗೆ ಒಂದು ನಿಮಿಷದೊಳಗೆ ನಿಲ್ಲೋ ತಲೆಸುತ್ತು ಬರುತ್ತೆ. ನೀವು ಹೇಳಿದ ಲಕ್ಷಣ ಅದಕ್ಕೆ ಹೊಂದುತ್ತೆ, ಆದ್ರೆ ನೋಡದೆ ಖಚಿತ ಹೇಳೋಕಾಗಲ್ಲ. ಕಿವಿ ಡಾಕ್ಟ್ರ ಹತ್ರ ಹೋಗಿ, ಅದೇ ಆಗಿದ್ರೆ ತಲೆಯನ್ನ ಒಂದು ಕ್ರಮದಲ್ಲಿ ತಿರುಗಿಸಿ ಹರಳನ್ನ ವಾಪಸ್ ಜಾಗಕ್ಕೆ ಕಳಿಸ್ತಾರೆ, ತುಂಬಾ ಜನಕ್ಕೆ ಒಂದೆರಡು ಸಲಕ್ಕೇ ವಾಸಿ. ಮಾತು ತೊದಲೋದು, ಕೈಕಾಲಲ್ಲಿ ಶಕ್ತಿ ಕಮ್ಮಿ ಆಗೋದು, ವಸ್ತು ಎರಡೆರಡು ಕಾಣೋದು ಇದ್ರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಬಿಳಿಮೀಸೆ

ಅದ್ಯಾವುದೂ ಇಲ್ಲಮ್ಮ. ಧನ್ಯವಾದ. ನಾಳೆಯೇ ಹೋಗುವೆ.

ಕೊನೆಸೀಟು

ಮೇಡಂ, ಅಂದಾಜು ತಪ್ಪೋ ವಿಷ್ಯ ಅರ್ಥ ಆಯ್ತು. ಆದ್ರೆ ಗುಂಡಿ ಎಲ್ಲಿ ಬರುತ್ತೆ ಅಂತ್ಲೂ ನನ್ ಮೆದುಳಿಗೆ ಗೊತ್ತಿರಲ್ವಲ್ಲ! ನನ್ ಮೊದಲನೇ ಪ್ರಶ್ನೆ ಹಾಗೇ ಉಳೀತು.

ಲೆಕ್ಕದ ಮೇಷ್ಟ್ರು

ಇದಕ್ಕೆ ನಾನು ಕೈ ಹಾಕ್ತೀನಿ, ಫಿಸಿಕ್ಸ್ ಹೇಳಿಕೊಡೋದು ನನ್ನ ಹೊಟ್ಟೆಪಾಡು.

ಬಸ್ಸು ಗಂಟೆಗೆ 36 ಕಿ.ಮೀ. ವೇಗದಲ್ಲಿ ತಿರುವು ತಗೊಳ್ತಿದೆ ಅಂತ ಇಟ್ಕೊಳಿ, ಅಂದ್ರೆ ಸೆಕೆಂಡಿಗೆ 10 ಮೀಟರ್. ತಿರುವಿನ ತ್ರಿಜ್ಯ 50 ಮೀಟರ್. ವೇಗದ ವರ್ಗವನ್ನ ತ್ರಿಜ್ಯದಿಂದ ಭಾಗಿಸಿದ್ರೆ 2 ಬರುತ್ತೆ, ಅಂದ್ರೆ ಗುರುತ್ವದ ಐದನೇ ಒಂದು ಭಾಗದಷ್ಟು ಜೋರಾಗಿ ನಿಮ್ಮನ್ನ ಪಕ್ಕಕ್ಕೆ ಎಳೆದಂಗೆ. ಕೆಳಕ್ಕೆ ಎಳೆಯೋ ಗುರುತ್ವ, ಪಕ್ಕಕ್ಕೆ ಎಳೆಯೋ ಇದು, ಎರಡೂ ಸೇರಿದ್ರೆ ನಿಮ್ಮ ಪಾಲಿನ 'ಕೆಳಗೆ' ಅನ್ನೋ ದಿಕ್ಕೇ ಸುಮಾರು 11 ಡಿಗ್ರಿ ಓರೆ ಆಗುತ್ತೆ. ತೂಗುಗುಂಡು ಹಿಡಿದಿದ್ರೆ ಅದು ಅಷ್ಟು ಓರೆ ನಿಲ್ಲುತ್ತೆ. ಮೇಡಂ ಹೇಳಿದ ಹರಳುಗಳೂ ಜಾರೋದು ಹಾಗೇ ಅಲ್ವಾ, ಅವಕ್ಕೆ ನಿಜವಾಗ್ಲೂ ವಾಲಿದ್ಯಾ ಇಲ್ಲಾ ತಿರುವಾ ಅಂತ ಗೊತ್ತಾಗೋಕೆ ದಾರೀನೇ ಇಲ್ಲ. ಕಣ್ಣೆದುರಿಗೆ ಮುಂದಿನ ಸೀಟಿನ ಬೆನ್ನು ನೆಟ್ಟಗೇ ಇದೆ. ಈಗ ಎಡ ತಿರುವು ಮುಗಿದು ಬಲ ತಿರುವು ಬಂತು, ಆ ಕಡೆ 11 ಡಿಗ್ರಿ. ಒಂದೊಂದು ತಿರುವು 25 ಮೀಟರ್ ಉದ್ದ ಇದ್ರೆ ಎಡ ಬಲ ಒಂದು ಸುತ್ತು ಮುಗಿಯೋಕೆ 5 ಸೆಕೆಂಡ್.

ಗುಂಡಿ ರೋಡಿನ ಕುಲುಕಾಟ ಸೆಕೆಂಡಿಗೆ ಒಂದಕ್ಕಿಂತ ಜಾಸ್ತಿ ಸಲ. ಇಲ್ಲಿ ಐದು ಸೆಕೆಂಡಿಗೆ ಒಂದೇ ಸಲ. ನಿಮ್ಮ ಪ್ರಶ್ನೆಗೆ ಉತ್ತರ ಈ ವ್ಯತ್ಯಾಸದಲ್ಲಿದೆ ಅನ್ಸುತ್ತೆ, ಆದ್ರೆ ದೇಹದ ವಿಷ್ಯ ಮೇಡಂ ಹೇಳ್ಬೇಕು.

ಸಮತೋಲನ

ಮೇಷ್ಟ್ರೇ, ಆ 5 ಸೆಕೆಂಡ್ ನೀವು ಬೇಕಂತ ತಗೊಂಡ್ರೋ ತಾನಾಗಿ ಬಂತೋ ಗೊತ್ತಿಲ್ಲ, ಸರಿಯಾಗಿ ಗಾಯದ ಮೇಲೇ ಕೈ ಇಟ್ಟಿದೀರ. ಹಡಗಿನ ಏರಿಳಿತದ ಮೇಲೆ 1974ರಲ್ಲಿ ಓಹ್ಯಾನ್ಲನ್ ಮತ್ತು ಮೆಕಾಲಿ ಮಾಡಿದ ಪ್ರಯೋಗದಲ್ಲಿ ಅತಿ ಹೆಚ್ಚು ವಾಂತಿ ತರಿಸಿದ್ದು ಸೆಕೆಂಡಿಗೆ ಸುಮಾರು 0.2 ಸಲದ ಚಲನೆ, ಅಂದ್ರೆ ಐದು ಸೆಕೆಂಡಿಗೊಂದು. ಸೆಕೆಂಡಿಗೆ ಒಂದಕ್ಕಿಂತ ಜಾಸ್ತಿ ಆದ್ರೆ ಪರಿಣಾಮ ಬಹುತೇಕ ಹೋಗ್ಬಿಡುತ್ತೆ, ಅದಕ್ಕೇ ಓಡೋವಾಗ ತಲೆ ಅಷ್ಟು ಕುಣಿದ್ರೂ ಯಾರಿಗೂ ವಾಂತಿ ಬರಲ್ಲ.

ಯಾಕೆ ಹೀಗೆ ಅಂದ್ರೆ, ಹೆಚ್ಚಿನವ್ರು ಒಪ್ಪೋ ವಿವರಣೆ ಇದು. ಬೇಗ ಬೇಗ ಬರೋ ಕುಲುಕನ್ನ ಮೆದುಳು 'ಇದು ಚಲನೆ' ಅಂತ ಓದುತ್ತೆ. ತುಂಬಾ ನಿಧಾನದ್ದನ್ನ 'ಇದು ವಾಲಿದ್ದು' ಅಂತ ಓದುತ್ತೆ, ಯಾಕಂದ್ರೆ ನಾವು ಬಗ್ಗೋದು, ಒರಗೋದು ಎಲ್ಲ ನಿಧಾನಕ್ಕೇ ತಾನೆ. ಐದು ಸೆಕೆಂಡಿನದ್ದು ಮಧ್ಯದ ಗಡಿಲಿ ಬರುತ್ತೆ, ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ. ಹರಳಿನ ಭಾಗ 11 ಡಿಗ್ರಿ ವಾಲಿದೀನಿ ಅನ್ನುತ್ತೆ, ನಿಜವಾಗ್ಲೂ ವಾಲಿದ್ರೆ ತಲೆ ತಿರುಗೋದನ್ನ ಅಳೆಯೋ ಪಕ್ಕದ ಅರ್ಧಚಂದ್ರ ಕೊಳವೆಗಳು ಆ ವಾಲುವಿಕೆಯನ್ನ ಹೇಳ್ಬೇಕಿತ್ತು, ಅವು ಹೇಳ್ತಿರೋದು ವಾಲಿದ್ದಲ್ಲ, ತಿರುಗಿದ್ದು. ಹೀಗೆ ಒಂದೇ ಕಿವಿಯ ಎರಡು ಭಾಗಗಳೇ ಒಬ್ಬರ ಮಾತು ಒಬ್ಬರು ಒಪ್ಪಲ್ಲ. ಕಣ್ಣು ಮುಚ್ಚಿದ್ರೂ ನಿಮ್ಗೆ ಆಗೋದು ಇದಕ್ಕೇ.

ಗಾಳಿಪಟ

ಓಹೋ. ಆದ್ರೂ ಕಣ್ಣು ಮುಚ್ಚಿದ್ರೆ ತಡ ಆಗುತ್ತೆ ಅಂತ ಅವ್ರೇ ಹೇಳಿದಾರಲ್ಲ, ಅಷ್ಟು ಮಾರ್ಕ್ಸ್ ನಂಗೆ ಕೊಡಿ.

ಸಮತೋಲನ

ಕೊಟ್ಟೆ. ಓದೋದಕ್ಕಿಂತ ಕಣ್ಣು ಮುಚ್ಚೋದು ಮೇಲು, ಕಣ್ಣು ಮುಚ್ಚೋದಕ್ಕಿಂತ ಮುಂದಿನ ರೋಡ್ ಕಾಣೋದು ಮೇಲು. ರೋಡ್ ಕಂಡ್ರೆ ತಿರುವು ಬರೋಕೆ ಮುಂಚೇನೇ ಮೆದುಳಿಗೆ ಅಂದಾಜು ಸಿಗುತ್ತೆ. ಟರ್ನರ್ ಮತ್ತು ಗ್ರಿಫಿನ್ ಅನ್ನೋರು 3256 ಬಸ್ ಪ್ರಯಾಣಿಕರನ್ನ ಕೇಳಿ 1999ರಲ್ಲಿ ಪ್ರಕಟಿಸಿದ್ರು. ನೂರಕ್ಕೆ 28 ಜನಕ್ಕೆ ಏನೋ ಒಂದು ಹುಷಾರಿಲ್ಲದಂಗೆ ಆಗಿತ್ತು, 13 ಜನಕ್ಕೆ ವಾಕರಿಕೆ, ವಾಂತಿ ಮಾಡಿದವ್ರು ನೂರಕ್ಕೆ ಇಬ್ಬರಿಗಿಂತ ಕಮ್ಮಿ. ಮುಂದಿನ ರೋಡ್ ಕಾಣದೇ ಇದ್ದವ್ರಿಗೆ ತೊಂದ್ರೆ ಜಾಸ್ತಿ ಇತ್ತು.

ಸ್ಟೇರಿಂಗ್ ಹಿಡಿದವ

ಹಾಗಾದ್ರೆ ಹೊಸ ಬಸ್ಸಿನ ಮೆತ್ತನೆ ಸಸ್ಪೆನ್ಷನ್ ಏನೂ ಮಾಡಲ್ವಾ? ನಮ್ ಡಿಪೋದಲ್ಲಿ ಎಲ್ರೂ ಅದನ್ನೇ ಬೈಯೋದು, ತೊಟ್ಟಿಲು ತೂಗ್ದಂಗೆ ತೂಗುತ್ತೆ ಅಂತ.

ಸಮತೋಲನ

ಅದೇ ಅಧ್ಯಯನದಲ್ಲಿ ಪಕ್ಕಕ್ಕೆ ಮತ್ತು ಹಿಂದೆ ಮುಂದೆ ಆಗೋ ನಿಧಾನದ ಓಲಾಟ ಮುಖ್ಯವಾಗಿ ಡ್ರೈವರ್ ಮತ್ತು ರೂಟ್ ಮೇಲೆ ನಿಂತಿತ್ತು. ಬಸ್ಸು ಯಾವ್ದು ಅನ್ನೋದು ಮೇಲೆ ಕೆಳಗೆ ಕುಣಿಯೋದರಲ್ಲಿ ಹೆಚ್ಚು ಕಂಡಿತ್ತು. ಹೇಳೋಕೆ ಮುಜುಗರ ಸರ್.

ಸ್ಟೇರಿಂಗ್ ಹಿಡಿದವ

ಮುಜುಗರ ಏನಿಲ್ಲ ಮೇಡಂ, ನಿಜಾನೇ. ಬ್ರೇಕ್ ತುಳಿದು ಬಿಟ್ಟು ತುಳಿದು ಬಿಟ್ಟು ಓಡ್ಸೋವ್ರ ಗಾಡಿಲಿ ಕ್ಲೀನಿಂಗ್ ಕೆಲಸ ಜಾಸ್ತಿ ಇರುತ್ತೆ. ಆದ್ರೆ ಸಸ್ಪೆನ್ಷನ್ ವಿಷ್ಯ ನಾನು ಪೂರ್ತಿ ಒಪ್ಪಲ್ಲ, ಒಂದೇ ಡ್ರೈವರ್ ಒಂದೇ ರೂಟು, ಗಾಡಿ ಬದಲಾದ್ರೆ ಪ್ಯಾಸೆಂಜರ್ ಗೊಣಗಾಟ ಬದಲಾಗೋದು ಕಣ್ಣಾರೆ ನೋಡಿದೀನಿ. ಮೇಷ್ಟ್ರೇ, ನಾನು ಆ ತಿರುವಲ್ಲಿ ಅರ್ಧ ಸ್ಪೀಡಲ್ಲಿ ಹೋದ್ರೆ 11 ಡಿಗ್ರಿ ಅರ್ಧ ಆಗುತ್ತಾ?

ಲೆಕ್ಕದ ಮೇಷ್ಟ್ರು

ಅರ್ಧ ಅಲ್ಲ, ಕಾಲು ಭಾಗ. ವೇಗದ ವರ್ಗ ಅಲ್ವಾ. 18 ಕಿ.ಮೀ.ಗೆ ಇಳಿಸಿದ್ರೆ ಬರೀ 3 ಡಿಗ್ರಿ ಹತ್ರ. ಜೊತೆಗೆ ಎಡ ಬಲ ಸುತ್ತು 5 ಸೆಕೆಂಡ್ ಇದ್ದಿದ್ದು 10 ಆಗುತ್ತೆ, ಅಂದ್ರೆ ಆ ಕೆಟ್ಟ ಲಯದಿಂದಲೂ ಆಚೆ ಬಂದಂಗೆ. ನಿಮ್ಮ ಸಸ್ಪೆನ್ಷನ್ ವಾದದಲ್ಲೂ ಹುರುಳಿದೆ, ಮೆತ್ತಗಿರೋ ಬಸ್ಸಿನ ಬಾಡಿ ತಿರುವಲ್ಲಿ ಹೊರಗಡೆಗೆ ಇನ್ನಷ್ಟು ಡಿಗ್ರಿ ವಾಲುತ್ತೆ, ಅದು ಮೇಲಿನ 11ಕ್ಕೆ ಸೇರ್ಕೊಳ್ಳುತ್ತೆ. ಎಷ್ಟು ಅಂತ ಗಾಡಿ ನೋಡ್ದೆ ಹೇಳೋಕಾಗಲ್ಲ.

ಕೊನೆಸೀಟು

ಮೊದಲನೇ ಪ್ರಶ್ನೆ ತೀರ್ತು, ಥ್ಯಾಂಕ್ಸ್. ಈಗ ಬೆವರು. ಕಿವಿಲಿ ಗೊಂದಲ ಆದ್ರೆ ಹಣೆ ಯಾಕೆ ಬೆವರ್ಬೇಕು? ತಲೆನೋವು ಯಾಕೆ? ಮತ್ತೆ ಮಾತ್ರೆ ಯಾಕೆ ಕೆಲ್ಸ ಮಾಡಲ್ಲ? ಶುರುವಾದ ತಕ್ಷಣ ವಾಂತಿ ಮಾತ್ರೆ ನುಂಗಿದ್ರೂ ಏನೂ ಪ್ರಯೋಜನ ಇಲ್ಲ.

ಗಾಳಿಪಟ

ಇದಕ್ಕೆ ನಾನು ಓದಿದ್ದು ಹೇಳ್ಲಾ? ವಿಷ ತಿಂದಾಗ್ಲೂ ಕಣ್ಣು ಕಿವಿ ಸಿಗ್ನಲ್ ಹೀಗೇ ಏರುಪೇರಾಗುತ್ತಂತೆ, ಅದಕ್ಕೆ ಮೆದುಳು ವಿಷ ಸೇರಿದೆ ಅಂದ್ಕೊಂಡು ಆಚೆ ಹಾಕೋಕೆ ನೋಡುತ್ತೆ. ಇದು ಪ್ರೂವ್ ಆಗಿರೋದು.

ಸಮತೋಲನ

ಪ್ರೂವ್ ಆಗಿಲ್ಲ. ಮಿಷೆಲ್ ಟ್ರೀಸ್‌ಮನ್ 1977ರಲ್ಲಿ ಮಂಡಿಸಿದ ಊಹೆ ಅದು, ಚೆಂದ ಇದೆ, ನಾಯಿಗಳಲ್ಲಿ ಒಳಕಿವಿ ತೆಗೆದಾಗ ಕೆಲವು ವಿಷಗಳಿಗೆ ವಾಂತಿ ಕಮ್ಮಿ ಆಗಿದ್ದು ಅದರ ಪರವಾಗಿದೆ. ಆದ್ರೆ ವಿಷ ಆಚೆ ಹಾಕೋಕೆ ಅಂತ ಇದ್ರೆ ಇಷ್ಟು ನಿಧಾನಕ್ಕೆ, ಅರ್ಧ ಗಂಟೆ ಕಾಡಿಸಿ ವಾಂತಿ ಮಾಡ್ಸೋದು ಯಾಕೆ ಅಂತ ಕೇಳೋವ್ರಿದಾರೆ. ಸಿಗ್ನಲ್ ಜಗಳಾನೇ ಅಲ್ಲ, ದೇಹ ನೆಟ್ಟಗೆ ನಿಲ್ಲಿಸ್ಕೊಳ್ಳೋಕೆ ಆಗದೇ ಇರೋದೇ ಮೂಲ ಅನ್ನೋ ಗುಂಪೂ ಇದೆ. ಇದರಲ್ಲಿ ಕೊನೇ ಮಾತು ಇನ್ನೂ ಬಂದಿಲ್ಲ.

ಬೆವರಿನ ದಾರಿ ಇದಕ್ಕಿಂತ ಸ್ಪಷ್ಟ. ಒಳಕಿವಿಯ ಸಿಗ್ನಲ್ ಹೋಗಿ ಸೇರೋ ಮೆದುಳಿನ ಕಾಂಡದಲ್ಲೇ ವಾಂತಿ, ಜೊಲ್ಲು, ಬೆವರು, ರಕ್ತನಾಳ ಇವನ್ನೆಲ್ಲ ನೋಡ್ಕೊಳ್ಳೋ ಭಾಗಗಳೂ ಇವೆ, ಒಂದಕ್ಕೊಂದು ತಂತಿ ಎಳೆದಿದೆ. ಚರ್ಮದ ರಕ್ತನಾಳ ಕುಗ್ಗುತ್ತೆ, ಅದಕ್ಕೆ ಮುಖ ಬಿಳಿಚಿ ಚರ್ಮ ತಣ್ಣಗಾಗುತ್ತೆ, ಅದೇ ಹೊತ್ತಲ್ಲಿ ಬೆವರು ಗ್ರಂಥಿಗೂ ಆರ್ಡರ್ ಹೋಗುತ್ತೆ. ಸೆಖೆಗೆ ಬಂದ ಬೆವರಲ್ಲ, ಅದಕ್ಕೆ ಎಸಿಲೂ ಬರುತ್ತೆ. ನಿಮ್ಮ ಆಕಳಿಕೆ ಮತ್ತು ಮಂಪರು ವಾಕರಿಕೆಗಿಂತ ಮುಂಚೆ ಬರೋದು ಗಮನಿಸಿದೀರಲ್ಲ, ಅದೇ ನಿಮ್ಮ ಅಲಾರಂ. ಫೋನ್ ಎತ್ತಿಡ್ಬೇಕಾಗಿರೋದು ಆಕಳಿಕೆ ಬಂದಾಗ, ಬೆವರು ಬಂದಾಗ ಅಲ್ಲ.

ಮಾತ್ರೆ ಕೆಲಸ ಮಾಡದೇ ಇರೋಕೆ ಎರಡು ಕಾರಣ. ವಾಕರಿಕೆ ಶುರುವಾದ್ಮೇಲೆ ಹೊಟ್ಟೆ ತನ್ನಲ್ಲಿರೋದನ್ನ ಕೆಳಗೆ ತಳ್ಳೋದು ನಿಧಾನ ಮಾಡುತ್ತೆ. ಮಾತ್ರೆ ರಕ್ತ ಸೇರ್ಬೇಕಾದ್ರೆ ಸಣ್ಣ ಕರುಳಿಗೆ ಹೋಗ್ಬೇಕು, ಅದು ಹೊಟ್ಟೆಲೇ ಕೂತಿರುತ್ತೆ. ಇನ್ನೊಂದು, ನೀವು ತಗೊಳ್ಳೋದು ಯಾವ್ದು?

ಕೊನೆಸೀಟು

ಒಂಡಾನ್ಸೆಟ್ರಾನ್. ಜ್ವರ ಬಂದು ವಾಂತಿ ಆದಾಗ ಬರೆದುಕೊಟ್ಟಿದ್ದು ಉಳಿದಿತ್ತು.

ಸಮತೋಲನ

ಅಲ್ಲೇ ಇದೆ ನೋಡಿ. ಅದು ಹೊಟ್ಟೆ ಕೆಟ್ಟಾಗ, ಕೀಮೋ ತಗೊಂಡಾಗ ಬರೋ ವಾಂತಿಗೆ ಒಳ್ಳೇ ಮಾತ್ರೆ, ಪ್ರಯಾಣದ ವಾಕರಿಕೆಗೆ ಅದರಿಂದ ಪ್ರಯೋಜನ ಕಂಡಿಲ್ಲ. ಇದಕ್ಕೆ ಕೆಲಸ ಮಾಡೋದು ಮಂಪರು ಬರಿಸೋ ಹಳೇ ಅಲರ್ಜಿ ಮಾತ್ರೆಗಳ ಗುಂಪು, ಡೈಮೆನ್‌ಹೈಡ್ರಿನೇಟ್, ಮೆಕ್ಲಿಜಿನ್, ಪ್ರೋಮೆಥಜಿನ್ ಥರದವು, ಅದೂ ಹೊರಡೋಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ. ನಿದ್ದೆ ಬರಿಸದ ಹೊಸ ಅಲರ್ಜಿ ಮಾತ್ರೆ ಇದಕ್ಕೆ ಅಷ್ಟಾಗಿ ನಾಟಲ್ಲ. ತಗೊಂಡ ದಿನ ಗಾಡಿ ಓಡಿಸ್ಬೇಡಿ. ಗ್ಲಾಕೋಮಾ ಇದ್ರೆ, ಮೂತ್ರ ಕಟ್ಟೋ ತೊಂದ್ರೆ ಇದ್ರೆ, ಬಸುರಿಯಾಗಿದ್ರೆ ಡಾಕ್ಟ್ರನ್ನ ಕೇಳ್ದೆ ಬೇಡ. ಡೋಸ್ ನಾನಿಲ್ಲಿ ಹೇಳಲ್ಲ.

ತಲೆನೋವಿನ ಬಗ್ಗೆ ಒಂದು ಪ್ರಶ್ನೆ. ಬಸ್ ಹತ್ತದೇ ಇರೋ ದಿನಗಳಲ್ಲೂ ನಿಮ್ಗೆ ತಲೆನೋವು ಬರುತ್ತಾ? ಬೆಳಕು, ಸದ್ದು ಸಹಿಸೋಕಾಗಲ್ಲ ಅನ್ನೋ ಥರ?

ಕೊನೆಸೀಟು

ಬರುತ್ತೆ. ಒಂದೇ ಪಕ್ಕ. ಕತ್ತಲೆ ರೂಮಲ್ಲಿ ಮಲಗ್ಬೇಕು ಅನ್ಸುತ್ತೆ. ಅಮ್ಮಂಗೂ ಇದೆ. ಕಣ್ಣು ನೋಡಿಸ್ಕೊಂಡಿದೀನಿ, ನಂಬರ್ ಏನೂ ಇಲ್ಲ ಅಂದ್ರು.

ಸಮತೋಲನ

ಮೈಗ್ರೇನ್ ಇರೋವ್ರಿಗೆ ಬಸ್ ವಾಕರಿಕೆ ಬೇರೆಯವ್ರಿಗಿಂತ ಜಾಸ್ತಿ, ಮತ್ತೆ ಪ್ರಯಾಣವೇ ಅವ್ರಿಗೆ ತಲೆನೋವು ಎಬ್ಬಿಸೋದುಂಟು. ಸಂಜೆ ತನಕ ಉಳಿಯೋ ನಿಮ್ಮ ತಲೆನೋವು ಬಸ್ಸಿನ ಬಾಲವೋ ಮೈಗ್ರೇನ್ ತಲೆಯೋ ಅಂತ ನರರೋಗದ ಡಾಕ್ಟ್ರು ನೋಡಿ ಹೇಳ್ಬೇಕು. ಅದು ಹತೋಟಿಗೆ ಬಂದ್ರೆ ಬಸ್ ತೊಂದ್ರೆಯೂ ಇಳಿಯಬಹುದು, ಖಂಡಿತ ಅಂತ ಹೇಳಲ್ಲ.

ಎರಡು ಮಕ್ಕಳ ತಾಯಿ

ನನ್ ಮಗಂದು ಒಂದು ಕೇಳ್ಲಾ. ಮುಂದಿನ ಸೀಟಲ್ಲೇ ಕಿಟಕಿ ಪಕ್ಕ ಕೂರಿಸ್ತೀನಿ, ಆದ್ರೂ ಆಗುತ್ತೆ. ಕಿಟಕಿ ಗಾಳಿ ಬರುತ್ತೆ, ಏಳು ವರ್ಷ ಅವನಿಗೆ.

ಸಮತೋಲನ

ಮುಂದಿನದು ಅಂದ್ರೆ ಗಾಜಿನ ಪಕ್ಕದ್ದೋ, ಒಂದೆರಡು ಸಾಲು ಹಿಂದೋ? ಅವನ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿ. ನಿಮ್ಗೆ ರೋಡ್ ಕಾಣ್ಬಹುದು, ಅವನಿಗೆ ಸೀಟಿನ ಬೆನ್ನು ಮಾತ್ರ. ಪಕ್ಕದ ಕಿಟಕಿಲಿ ಹತ್ತಿರದ ಮರ ಕಂಬ ಸರ್ರನೆ ಹಿಂದಕ್ಕೆ ಓಡೋದು ನೋಡಿದ್ರೆ ಉಪಯೋಗ ಇಲ್ಲ, ಮುಂದಿನ ತಿರುವು ಕಾಣ್ಬೇಕು, ಇಲ್ಲಾ ದೂರದ ಗುಡ್ಡ.

ಎರಡು ಮಕ್ಕಳ ತಾಯಿ

ಮೂರನೇ ಸಾಲು. ಬಗ್ಗಿ ನೋಡಿಲ್ಲ ಯಾವತ್ತೂ, ನೋಡ್ತೀನಿ.

ಸ್ಟೇರಿಂಗ್ ಹಿಡಿದವ

ಅಕ್ಕಾ, ನನ್ ಎಡಗಡೆ ಮೊದಲನೇ ಸೀಟು ಕೇಳಿ ತಗೊಳಿ, ಮಗು ವಾಂತಿ ಅಂದ್ರೆ ಕಂಡಕ್ಟರ್ ಯಾರೂ ಇಲ್ಲ ಅನ್ನಲ್ಲ. ತೀರಾ ಹಿಂದಿನ ಸಾಲು ಮಾತ್ರ ಬೇಡ, ಹಿಂದಿನ ಚಕ್ರದಿಂದಾಚೆ ಇರೋ ಭಾಗ ತಿರುವಲ್ಲಿ ಬಾಲ ಬೀಸಿದಂಗೆ ಬೀಸುತ್ತೆ.

ಕೊನೆಸೀಟು

ಅಣ್ಣಾ, ನನ್ ಹೆಸರು ನೋಡಿ ಹೇಳ್ತಿದೀರಾ? ಮುಂದೆ ಸೀಟು ಸಿಗದೇ ಇದ್ರೆ ಏನ್ ಮಾಡೋದು ಹೇಳಿ, ನಾನು ಹತ್ತೋ ಸ್ಟಾಪಲ್ಲಿ ಹಿಂದೆ ಮಾತ್ರ ಉಳಿದಿರುತ್ತೆ.

ಸಮತೋಲನ

ತಲೆಯನ್ನ ಸೀಟಿಗೆ ಒತ್ತಿ ಒರಗಿಸಿ, ತಲೆ ಪ್ರತ್ಯೇಕ ಆಡೋದು ಕಮ್ಮಿ ಆಗುತ್ತೆ. ಕಣ್ಣು ಮುಚ್ಚಿ, ಉಸಿರನ್ನ ಒಂದೇ ಸಮ ನಿಧಾನಕ್ಕೆ ಎಣಿಸ್ಕೊಂಡು ಬಿಡಿ. ಮಾತ್ರೆಯಷ್ಟು ಶಕ್ತಿ ಅದಕ್ಕಿಲ್ಲ, ಆದ್ರೆ ಪರೀಕ್ಷೆಲಿ ಕೆಲಸ ಮಾಡಿರೋ ವಿಧಾನ, ಶುರುವಾದ್ಮೇಲೂ ಮಾಡ್ಬಹುದು.

ಗಾಳಿಪಟ

ಕಣ್ಣು ಮುಚ್ಚಿ ಅಂತ ನಾನು ಮೊದ್ಲೇ ಹೇಳಿದ್ದೆ.